ಎರಡೇ ನಿಮಿಷ, ಸಾರ್

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಬೆಂಗಳೂರಿನ ಮಾಲ್ ಒಂದರ ಬೇಸ್‌ಮೆಂಟಿನಲ್ಲಿ ನನಗೆ 22ನೆಯದು ಸಿಕ್ಕಿತು. ಅದರ ಹೆಸರು ‘ಎರಡೇ ನಿಮಿಷ’. ಲಿಫ್ಟ್ ಪಕ್ಕದಲ್ಲಿ ಗಾಲಿಕುರ್ಚಿ ಚಿತ್ರದ ಖಾಲಿ ಜಾಗ ಕಂಡರೆ ಸಾಕು, ಗಟ್ಟಿಮುಟ್ಟಾದ ಮನುಷ್ಯನಿಗೂ ಇನ್ನು ಹತ್ತು ಹೆಜ್ಜೆ ನಡೆಯಲು ಆಗುವುದಿಲ್ಲ. ಗಾಡಿ ನಿಲ್ಲಿಸಿದ ಕೂಡಲೇ ಕಾಯಿಲೆ ವಾಸಿ. ಮೆಟ್ಟಿಲು ಹತ್ತಿ ಓಡುತ್ತಾನೆ.

ಇದಕ್ಕೆ ಸರ್ಟಿಫಿಕೇಟ್ ಬೇಡ. ನಮ್ಮ ಮಾವನಿಗೆ ಬೇಕಾಯಿತು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲು ಹೋಗಿವೆ. ಆಸ್ಪತ್ರೆಯಲ್ಲಿ ವೈದ್ಯರು ಅಳೆದು ನೋಡಿ ಶೇಕಡಾ ಇಷ್ಟು ಎಂದು ಬರೆದರು. 40 ಮುಟ್ಟಿದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಆಮೇಲೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬಂತು. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 80ರ ಒಳಗಿದ್ದರೆ ಹಳದಿ, ಅದರ ಮೇಲೆ ನೀಲಿ. ಮಾವನದು ಹಳದಿ. ಕಾರಿನ ಬ್ರೇಕು, ಆಕ್ಸಿಲರೇಟರು ಎರಡನ್ನೂ ಕೈಯಲ್ಲಿ ಓಡಿಸುವ ಹಾಗೆ ಮಾಡಿಸಿ, ಅದನ್ನು ಆರ್‌ಟಿಒ ದಾಖಲೆಗೂ ಹತ್ತಿಸಿದ್ದಾರೆ.

ಇಷ್ಟೆಲ್ಲ ಇಟ್ಟುಕೊಂಡು ಹೋದರೆ ಸೆಕ್ಯೂರಿಟಿಯವರು ಕೇಳಿದ್ದು ಒಂದೇ. “ಸ್ಟಿಕ್ಕರ್ ಎಲ್ಲಿ ಸಾರ್?”

ಸ್ಟಿಕ್ಕರ್ ಅಂದರೆ ಗಾಲಿಕುರ್ಚಿ ಚಿತ್ರ. ಕಾರಿನ ಸಾಮಾನು ಮಾರುವ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. ಅಲ್ಲಿ ಯಾರೂ ಶೇಕಡಾ ಕೇಳುವುದಿಲ್ಲ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವ ಹಾಗೆ ಅಂಟಿಸಿಕೊಂಡು ಬರುವುದು.

ಅಂತೂ ಕಾರ್ಡ್ ತೋರಿಸಿ, ಜಾಗ ಹಿಡಿದು, ಮಾವ ಒಳಗೆ ಹೋಗಿ ಕನ್ನಡಕ ಕೊಂಡರು. ಜೊತೆಯಲ್ಲಿ ನಾನಿದ್ದೆ. ವಾಪಸ್ ಬಂದು ನೋಡಿದರೆ ಮೀಸಲು ಜಾಗದಲ್ಲಿ ಬೇರೆ ಕಾರೇನೂ ಇಲ್ಲ. ಮಾವನ ಕಾರು ಇದ್ದಲ್ಲೇ ಇದೆ. ಡ್ರೈವರ್ ಬಾಗಿಲ ಪಕ್ಕದ ಗೆರೆಪಟ್ಟೆಯ ಮೇಲೆ ಒಂದು ಸ್ಕೂಟರ್ ನಿಂತಿದೆ, ಅಷ್ಟೇ.

ಆ ಗೆರೆಪಟ್ಟೆ ರಂಗೋಲಿ ಅಲ್ಲ. ಮಾಮೂಲಿ ಪಾರ್ಕಿಂಗ್ ಜಾಗ ಸುಮಾರು 2.5 ಮೀಟರ್ ಅಗಲ. 1.7 ಮೀಟರಿನ ಕಾರು ನಡುವೆ ನಿಂತರೆ ಎರಡು ಕಡೆ 40 ಸೆಂಟಿಮೀಟರ್ ಉಳಿಯುತ್ತದೆ. ನಾವು ಹೊಟ್ಟೆ ಒಳಗೆಳೆದುಕೊಂಡು ತೂರಬಹುದು. ಗಾಲಿಕುರ್ಚಿಗೆ ಹೊಟ್ಟೆ ಎಳೆದುಕೊಳ್ಳಲು ಬರುವುದಿಲ್ಲ ಅಲ್ವಾ? ಬಾಗಿಲು ಪೂರ್ತಿ ತೆರೆಯಬೇಕು, ಕುರ್ಚಿ ಸೀಟಿನ ಪಕ್ಕಕ್ಕೇ ಬರಬೇಕು, ಕೈ ಊರಿ ಮೈಯನ್ನು ಅತ್ತ ಜಾರಿಸಬೇಕು. ಅದಕ್ಕೇ ಕೇಂದ್ರದ ಮಾರ್ಗಸೂಚಿಯಲ್ಲಿ 3.6 ಮೀಟರ್ ಅಗಲ, ಪ್ರವೇಶದಿಂದ 30 ಮೀಟರ್ ಒಳಗೆ ಅಂತ ಹೇಳಿದ್ದಾರೆ. ಆ ಹೆಚ್ಚಿನ ಜಾಗವೇ ಆ ಪಟ್ಟೆ. ನೋಡಿದವರಿಗೆ ಮಾತ್ರ ಅದು ದೇವರು ಸ್ಕೂಟರಿಗೆಂದೇ ಬಿಟ್ಟ ಸಂದಿ.

ಸ್ಕೂಟರಿಗೆ ಹ್ಯಾಂಡಲ್ ಲಾಕ್. “ಎತ್ತಿ ಸರಿಸೋಣ” ಎಂದೆ.

“ಬೇಡ ಸಾರ್, ಸ್ಕ್ರ್ಯಾಚ್ ಆದ್ರೆ ಓನರ್ ಜಗಳ ಮಾಡ್ತಾರೆ. ಕೀ ಕೊಡಿ, ನಿಮ್ಮ ಕಾರೇ ತೆಗೀತೀನಿ” ಎಂದ ಸೆಕ್ಯೂರಿಟಿಯವರು ಇನ್ನೊಂದು ಬಾಗಿಲಿಂದ ತೂರಿ ಕೂತರು. ಸ್ಟೀರಿಂಗ್ ಪಕ್ಕದ ಲಿವರ್ ಕಂಡು ಹಾಗೇ ಇಳಿದುಬಿಟ್ಟರು. ನನಗೋ ಡ್ರೈವಿಂಗೇ ಬರುವುದಿಲ್ಲ.

ಕಾಯುವಾಗ ಫೋನಿನಲ್ಲಿ ದಂಡ ಹುಡುಕಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 177ರಲ್ಲಿ ಸಣ್ಣಪುಟ್ಟ ತಪ್ಪಿಗೆ ಮೊದಲ ಸಲ 500 ರೂಪಾಯಿ ತನಕ, ಮತ್ತೆ ಮಾಡಿದರೆ 1,500 ತನಕ. ಆದರೆ ಚಲನ್ ಬರೆಯುವವರು ಬೇಸ್‌ಮೆಂಟಿಗೆ ಇಳಿಯಬೇಕಲ್ಲ? ಸೆಕ್ಯೂರಿಟಿಯವರ ಬಳಿ ಇರುವುದು ಸೀಟಿ ಮಾತ್ರ. ಅಂಗವಿಕಲರ ಕಾಯ್ದೆ ಇನ್ನೂ ಖಾರ. ಅಂಗವಿಕಲರಿಗೆಂದೇ ಇಟ್ಟ ಸೌಲಭ್ಯವನ್ನು ಮೋಸದಿಂದ ಪಡೆದರೆ ಸೆಕ್ಷನ್ 91ರಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಓದಿದರೆ ಸುಳ್ಳು ಸ್ಟಿಕ್ಕರಿನವರಿಗೂ ಒಪ್ಪುವ ಹಾಗಿದೆ. ಸ್ಟಿಕ್ಕರ್ ಕೂಡ ಇಲ್ಲದ ಸ್ಕೂಟರ್ ಮಾತ್ರ ಪಕ್ಕಾ ಪ್ರಾಮಾಣಿಕ. ಅದು ಯಾವ ಮೋಸವನ್ನೂ ಮಾಡಿಲ್ಲ, ಸುಮ್ನೆ ನಿಂತಿದೆ.

ಇನ್ನೊಂದು ಸಿಕ್ಕಿತು. ಇಂಥ ಅಳತೆಗಳು ಬರೀ ಶಿಫಾರಸಿನಂತಿವೆ, ಕಡ್ಡಾಯವಾದ ನಿಯಮ ಮಾಡಿ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು. ಕೊಟ್ಟ ಗಡುವು ಮೂರು ತಿಂಗಳು. ಮಾವನಿಗೆ ಓದಿ ಹೇಳಿದೆ. “ಎರಡು ನಿಮಿಷ ಅಂದಿಲ್ವಲ್ಲ, ಸದ್ಯ” ಎಂದರು.

ಐವತ್ತು ನಿಮಿಷಕ್ಕೆ ಹುಡುಗ ಬಂದ. ಕೈಯಲ್ಲಿ ಐಸ್‌ಕ್ರೀಮು. “ಅಯ್ಯೋ ಅಂಕಲ್, ಕಾಯ್ತಾ ಇದ್ರಾ? ಎರಡೇ ನಿಮಿಷ ಅಂತ ಹೋದೆ” ಎಂದು ನಿಜವಾಗಿಯೂ ನೊಂದುಕೊಂಡು, ಸ್ಕೂಟರ್ ಏರಿ ಹೊರಟ.

ನಾವು ಗೇಟಿಗೆ ಬಂದೆವು. ಚೀಟಿ ನೋಡಿದ ಹುಡುಗಿ ತಡೆಗೋಲು ಎತ್ತಲಿಲ್ಲ.

“ಒಂದು ಗಂಟೆ ದಾಟಿದೆ ಸಾರ್. ಎಕ್ಸ್‌ಟ್ರಾ ನಲವತ್ತು ರೂಪಾಯಿ.”