ಬಿಸಿ ರೊಟ್ಟಿ ಡೇಟಾ, ಕಡಕ್ ರೊಟ್ಟಿ ಡೇಟಾ

ಸೂಪರ್ ಮಾರ್ಕೆಟ್‌ನಲ್ಲಿ ಒಂದು ಭಾನುವಾರ ಸಂಜೆ ಉಳ್ಳಾಗಡ್ಡಿ ತೂಗಿಸಿ, ಫೋನ್ ತೆಗೆದು ಸ್ಕ್ಯಾನ್ ಮಾಡಿದೆ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಹಿಂದೆ ನಿಂತವರು ಕೆಮ್ಮಲು ಶುರು ಮಾಡಿದರು. ಮಧ್ಯಾಹ್ನ ಮ್ಯಾಚ್ ನೋಡಿ ದಿನದ 2 ಜಿಬಿ ಮುಗಿಸಿದ್ದೆ, ಆಮೇಲೆ ಸಿಗುವ ವೇಗ 64 ಕೆಬಿಪಿಎಸ್, ಅಂದರೆ ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಎಮ್ಮೆ ನಡೆದಂತೆ. ಕೊನೆಗೆ ಪಕ್ಕದವರ ಹಾಟ್‌ಸ್ಪಾಟ್ ಬೇಡಿ ಪಡೆದು 40 ರೂಪಾಯಿ ಕೊಟ್ಟೆ.

ಅವಮಾನ ಆಗಿತ್ತಲ್ಲ, ಮನೆಗೆ ಬಂದು ಲೆಕ್ಕಕ್ಕೆ ಕುಳಿತೆ. ನನ್ನದು 349 ರೂಪಾಯಿಯ ಪ್ಯಾಕ್, 28 ದಿನ, ದಿನಕ್ಕೆ 2 ಜಿಬಿ. ಒಟ್ಟು 56 ಜಿಬಿ. ಜಿಬಿಗೆ 6 ರೂಪಾಯಿ 23 ಪೈಸೆ. ಭಾರೀ ಅಗ್ಗ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಅಗ್ಗ ಆಗುವುದು 56 ಜಿಬಿಯನ್ನೂ ಉಪಯೋಗಿಸಿದರೆ ಮಾತ್ರ. ಅದಕ್ಕೇ ರೋಜು ರಾತ್ರಿ ಕಂಪನಿಯ ಆ್ಯಪ್‌ನಲ್ಲಿ ಎಷ್ಟು ಖರ್ಚಾಯಿತು ಎಂದು ನೋಡಿ, ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಬರೆಯತೊಡಗಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲೂ ಡೇಟಾ ಬಳಕೆ ಕಾಣುತ್ತದೆ, ಆದರೆ ನನ್ನ ಫೋನ್ ಅದನ್ನು 1ನೇ ತಾರೀಖಿನಿಂದ ತಿಂಗಳ ಲೆಕ್ಕದಲ್ಲಿ ಎಣಿಸುತ್ತದೆ, ಪ್ಯಾಕ್ ಯಾವತ್ತು ಶುರುವಾಯಿತು ಎಂಬುದು ಅದಕ್ಕೆ ಗೊತ್ತೇ ಇಲ್ಲ. ಆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕವೂ ಇತ್ತು. ಎರಡನೇ ದಿನವೇ ಹೆಂಡತಿ ಕರೆದಳು.

“ಏನ್ರಿ, ಹಾಲಿನವ 0.3 ಲೀಟರ್ ಕೊಡ್ಲಾಕತ್ತಾನೇನ್ರಿ?”

“ಅದು ಹಾಲಲ್ಲ, ಡೇಟಾ.”

“ಮತ್ತ ಹಾಲಿನ ಮನಿಯಾಗ ಯಾಕ ಬರದೀರಿ?”

28 ದಿನ ಬರೆದೆ. ಆಫೀಸಿನಲ್ಲಿ ವೈಫೈ ಇರುವುದರಿಂದ 24 ದಿನ ಸರಾಸರಿ 0.3 ಜಿಬಿ ಮಾತ್ರ ಖರ್ಚಾಗಿತ್ತು. ನಾಲ್ಕು ಭಾನುವಾರ ಮಾತ್ರ 2 ಜಿಬಿಯೂ ಖಾಲಿ, ಮೇಲೆ 19 ರೂಪಾಯಿಯ ಬೂಸ್ಟರ್. ಬೂಸ್ಟರ್ 1 ಜಿಬಿ ಕೊಡುತ್ತದೆ, ನಾನು 0.4 ಉಪಯೋಗಿಸುವಷ್ಟರಲ್ಲಿ ರಾತ್ರಿ 12 ಹೊಡೆದು ಉಳಿದದ್ದು ಮಾಯ. ಎಲ್ಲ ಕೂಡಿಸಿದರೆ 16.8 ಜಿಬಿ. ಕೊಟ್ಟದ್ದು 349 ಮತ್ತು ಬೂಸ್ಟರ್‌ಗೆ 76, ಒಟ್ಟು 425. ಜಿಬಿಗೆ 25 ರೂಪಾಯಿ 30 ಪೈಸೆ! ಸೋಮವಾರದಿಂದ ಶನಿವಾರದವರೆಗೆ ದಿನಾ 1.7 ಜಿಬಿ ಬಿಸಾಕಿ, ಭಾನುವಾರ 0.4 ಜಿಬಿಗೆ 19 ರೂಪಾಯಿ ಕೊಡುವ ಜಾಣ ನಾನು.

ಇದು ಬಿಸಿ ರೊಟ್ಟಿ ಡೇಟಾ. ಇವತ್ತಿನದು ಇವತ್ತೇ ತಿನ್ನಬೇಕು, ನಾಳೆಗೆ ಉಳಿಸಲು ಬರಲ್ಲ. ನನಗೆ ಬೇಕಾದದ್ದು ಕಡಕ್ ರೊಟ್ಟಿ, ಡಬ್ಬಿಯಲ್ಲಿಟ್ಟು ಬೇಕಾದಾಗ ಮುರಿದುಕೊಳ್ಳುವಂಥದ್ದು.

ರೀಚಾರ್ಜ್ ಅಂಗಡಿಯ ಹುಡುಗ ಬೇರೆ ದಾರಿ ತೋರಿಸಿದ. “ಕಾಕಾ, 859ರದ್ದು ಹಾಕಿಸ್ರಿ, 84 ದಿನ ಚಿಂತಿ ಇಲ್ಲ.” ದಿನಕ್ಕೆ 10 ರೂಪಾಯಿ ಚಿಲ್ಲರೆ, ನಿಜಕ್ಕೂ ಕಡಿಮೆ. ಆದರೆ ಅದೂ ದಿನಕ್ಕೆ 2 ಜಿಬಿಯದೇ. 84 ದಿನದಲ್ಲಿ 12 ಭಾನುವಾರ, 12 ಬೂಸ್ಟರ್, 228 ರೂಪಾಯಿ. ಒಟ್ಟು 1087 ಆಯಿತು. ಭಾನುವಾರ ಮ್ಯಾಚ್ ನೋಡದವರಿಗೆ ಅದೇ ಸರಿ. ನಾನು ಆ ಪೈಕಿ ಅಲ್ಲ.

ಪಟ್ಟಿಯ ತಳದಲ್ಲಿ ಯಾರೂ ಕಣ್ಣು ಹಾಕದ ಒಂದಿತ್ತು. 355 ರೂಪಾಯಿ, 30 ದಿನ, ಒಟ್ಟು 25 ಜಿಬಿ, ದಿನದ ಮಿತಿ ಇಲ್ಲ. ಕಾಗದದ ಮೇಲೆ ಜಿಬಿಗೆ 14 ರೂಪಾಯಿ 20 ಪೈಸೆ, ನನ್ನ ಹಳೆಯದಕ್ಕಿಂತ ಎರಡು ಪಟ್ಟು ಜಾಸ್ತಿ. ಆದರೆ ನನ್ನ ನಿಜವಾದ ಖರ್ಚಿಗೆ ಭಾಗಿಸಿದರೆ ಜಿಬಿಗೆ 20 ರೂಪಾಯಿ ಹತ್ತಿರ ನಿಲ್ಲುತ್ತದೆ, ಬೂಸ್ಟರ್ ಕಾಟವೂ ಇಲ್ಲ. (5ಜಿ ಫೋನ್ ಇದ್ದವರ ಲೆಕ್ಕವೇ ಬೇರೆ. 2 ಜಿಬಿ ಪ್ಯಾಕ್‌ನ ಜೊತೆ ಅನ್‌ಲಿಮಿಟೆಡ್ 5ಜಿ ಕೊಡುತ್ತಾರೆ. ನನ್ನ ಫೋನ್ ಹಳೆಯ 4ಜಿ, ಅದಕ್ಕೆ ಆ ಭಾಗ್ಯವಿಲ್ಲ.)

28ಕ್ಕೂ 30ಕ್ಕೂ ಎರಡೇ ದಿನ ಅಂತ ಸುಮ್ನೆ ಬಿಡಬೇಡಿ. 28 ದಿನದ ಪ್ಯಾಕ್ ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸಬೇಕು. ಪಂಚಾಂಗದಲ್ಲಿ ಅಧಿಕ ಮಾಸ ಸುಮಾರು ಮೂರು ವರ್ಷಕ್ಕೊಮ್ಮೆ, ಮೊಬೈಲಿನಲ್ಲಿ ಪ್ರತಿ ವರ್ಷ! ಜನವರಿ 5ಕ್ಕೆ ಹಾಕಿಸಿದ್ದು ಫೆಬ್ರವರಿ 1ಕ್ಕೇ ಮುಗಿದು, ಸಂಬಳ ಬರುವ ಮೊದಲೇ ಕೈ ಚಾಚುತ್ತದೆ. 2022ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಪ್ಯಾಕ್ ಒಂದನ್ನಾದರೂ ಇಡಬೇಕೆಂದು ಹೇಳಿತು. ಇಟ್ಟಿದ್ದಾರೆ, ಆದರೆ ಹುಡುಕಿಕೊಳ್ಳುವುದು ನಮ್ಮ ಕೆಲಸ.

ಸರಿ, 355 ಹಾಕಿಸಿದೆ. ಗೆದ್ದೆ ಅಂದುಕೊಂಡೆ. ಮೂರನೇ ದಿನವೇ ಭಾನುವಾರ. ಮಗ ಕೇಳದೆ ನನ್ನ ಹಾಟ್‌ಸ್ಪಾಟ್‌ಗೆ ಟಿವಿ ಜೋಡಿಸಿದ್ದಾನೆ, ಇಡೀ ಮ್ಯಾಚ್ ದೊಡ್ಡ ಪರದೆಯಲ್ಲಿ ಓಡಿದೆ. ಮೊದಲಾಗಿದ್ದರೆ 2 ಜಿಬಿಗೆ ವೇಗ ಸತ್ತು ತಾನೇ ನಿಲ್ಲುತ್ತಿತ್ತು. ಈಗ ಅಡ್ಡಗೋಡೆಯೇ ಇಲ್ಲವಲ್ಲ! ರಾತ್ರಿ ಕ್ಯಾಲೆಂಡರ್‌ನಲ್ಲಿ 6.4 ಎಂದು ಬರೆದು ಮಲಗಿದೆ.

ಬೆಳಿಗ್ಗೆ ಹೆಂಡತಿ ಅದನ್ನು ನೋಡಿ ಕೇಳಿದಳು, “ನಿನ್ನಿ ಇಷ್ಟು ಹಾಲು ತಗೊಂಡು ಯಾರ ಮದಿವಿ ಮಾಡಿದ್ರಿ?”