ಸುದ್ದಿ ಇದ್ದದ್ದು ನಾಲ್ಕನೇ ಪ್ಯಾರಾದಲ್ಲಿ

ಈಗಷ್ಟೇ ಒಂದು ಪತ್ರಿಕಾ ಪ್ರಕಟಣೆ ಓದಿ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಒಂದು ಆಸ್ಪತ್ರೆಯದ್ದು. ಗುರುತು ಸಿಗದ ಹಾಗೆ ವಿವರ ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ, ಯಾಕೆಂದರೆ ಈ ತಪ್ಪು ಅವರೊಬ್ಬರದ್ದೇ ಅಲ್ಲ. ಮೊದಲ ಪ್ಯಾರಾ ಹೀಗಿದೆ:

"ಗುಣಮಟ್ಟದ ಆರೋಗ್ಯ ಸೇವೆಯಲ್ಲಿ ಮುಂಚೂಣಿಯಲ್ಲಿರುವ ನಮ್ಮ ಆಸ್ಪತ್ರೆಯು ತನ್ನ ಸೇವಾ ಪಯಣದಲ್ಲಿ ಮತ್ತೊಂದು ಮೈಲಿಗಲ್ಲನ್ನು ಸ್ಥಾಪಿಸಿದ್ದು, ಆಡಳಿತ ಮಂಡಳಿಯ ಅಧ್ಯಕ್ಷರ ದೂರದೃಷ್ಟಿಯ ಮಾರ್ಗದರ್ಶನದಲ್ಲಿ ಡಯಾಲಿಸಿಸ್ ವಿಭಾಗವು ಗಣನೀಯವಾಗಿ ವಿಸ್ತರಣೆಗೊಂಡಿದ್ದು, ಗಣ್ಯರ ಸಮ್ಮುಖದಲ್ಲಿ ನಡೆದ ಸಮಾರಂಭದಲ್ಲಿ ವಿಸ್ತೃತ ಸೇವೆಗೆ ಚಾಲನೆ ನೀಡಲಾಯಿತು."

ಎರಡನೇ ಪ್ಯಾರಾ ಪೂರ್ತಿ ಗಣ್ಯರ ಹೆಸರು. ಮೂರನೆಯದು ಅಧ್ಯಕ್ಷರ ಮಾತು. ನಾಲ್ಕನೆಯದರ ನಡುವೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, "ಸೋಮವಾರದಿಂದ ರಾತ್ರಿ 8ಕ್ಕೆ ಮೂರನೇ ಪಾಳಿಯೂ ಆರಂಭವಾಗಲಿದೆ" ಎಂಬ ವಾಕ್ಯ. ಅಯ್ಯೋ, ಸುದ್ದಿ ಇದೇ ಅಲ್ಲವೇ! ಡಯಾಲಿಸಿಸ್ ಬೇಕಾದವರು ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ಹಗಲಲ್ಲಷ್ಟೇ ಪಾಳಿ ಇದ್ದರೆ ವಾರದ ಮೂರು ದಿನದ ದುಡಿಮೆಗೆ ಕತ್ತರಿ ಬೀಳುತ್ತದೆ. ರಾತ್ರಿ ಪಾಳಿ ಎಂದರೆ ಒಬ್ಬ ರೋಗಿಗೆ ಕೆಲಸ ಉಳಿಸಿಕೊಳ್ಳುವ ದಾರಿ. ಅದನ್ನು ನಾಲ್ಕನೇ ಪ್ಯಾರಾದಲ್ಲಿ ಹೂತಿಟ್ಟರೆ ಆ ರೋಗಿಗೆ ವಿಷಯ ತಲುಪುವುದೇ ಇಲ್ಲ.

ಪ್ರಕಟಣೆ ತಿದ್ದಲು ಕೂತಾಗ ಮೊದಲ ಸಾಲಿನಿಂದ ತಿದ್ದುತ್ತಾ ಹೋಗಬೇಡಿ. ಹಾಗೆ ಮಾಡಿದರೆ ಕೆಟ್ಟ ಮೊದಲ ಸಾಲೇ ಸ್ವಲ್ಪ ನುಣುಪಾಗಿ ಅಲ್ಲೇ ಉಳಿಯುತ್ತದೆ. ಒಂದಕ್ಷರವನ್ನೂ ಮುಟ್ಟದೆ ಕೊನೆಯವರೆಗೆ ಓದಿ. ಏನು ಬದಲಾಯಿತು, ಯಾರಿಗೆ, ಯಾವಾಗಿನಿಂದ ಎಂದು ಕೇಳಿಕೊಳ್ಳುತ್ತಾ, ಉತ್ತರ ಸಿಕ್ಕ ಜಾಗಗಳಿಗೆಲ್ಲ ಗೆರೆ ಎಳೆಯಿರಿ. ಗೆರೆಗಳು ಸಾಮಾನ್ಯವಾಗಿ ಮೂರನೇ ಪ್ಯಾರಾದ ಕೆಳಗೇ ಬೀಳುತ್ತವೆ, ಕೆಲವೊಮ್ಮೆ ಯಾರದೋ ಹೇಳಿಕೆಯ ಹೊಟ್ಟೆಯೊಳಗೆ. ಆಮೇಲೆ ಮೂಲವನ್ನು ಪಕ್ಕಕ್ಕಿಟ್ಟು, ಗೆರೆ ಎಳೆದದ್ದನ್ನಷ್ಟೇ ಹಿಡಿದು ಹೊಸ ಮೊದಲ ಪ್ಯಾರಾ ಬರೆಯಿರಿ. ಮೇಲಿನದ್ದು ಹೀಗಾಗುತ್ತದೆ:

"ಹಗಲು ಕೆಲಸಕ್ಕೆ ಹೋಗುವ ಕಿಡ್ನಿ ರೋಗಿಗಳು ಇನ್ನು ರಾತ್ರಿ ಹೊತ್ತು ಡಯಾಲಿಸಿಸ್ ಮಾಡಿಸಿಕೊಳ್ಳಬಹುದು. ಆಸ್ಪತ್ರೆಯಲ್ಲಿ 12ನೇ ತಾರೀಖು, ಸೋಮವಾರದಿಂದ ರಾತ್ರಿ 8ಕ್ಕೆ ಮೂರನೇ ಪಾಳಿ ಶುರುವಾಗಲಿದೆ. ಇದರಿಂದ ಹೊಸದಾಗಿ 20 ರೋಗಿಗಳಿಗೆ ಜಾಗ ಸಿಗಲಿದೆ."

ಮೂರು ಸಣ್ಣ ವಾಕ್ಯ. ಪತ್ರಿಕೆಯಲ್ಲಿ ಜಾಗ ಸಾಲದೆ ಕೆಳಗಿನದ್ದೆಲ್ಲ ಕತ್ತರಿಸಿ ಹೋದರೂ ಇಷ್ಟು ಉಳಿದರೆ ಸಾಕು. ನೆನಪಿಡಿ, ಡೆಸ್ಕ್‌ನಲ್ಲಿ ಕತ್ತರಿ ಬೀಳುವುದು ಕೆಳಗಿನಿಂದ. ನಾಲ್ಕನೇ ಪ್ಯಾರಾದಲ್ಲಿ ಸುದ್ದಿ ಇಟ್ಟವರು ಅದನ್ನು ತಾವೇ ಕತ್ತರಿಯ ಬಾಯಿಗೆ ಕೊಟ್ಟ ಹಾಗೆ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಏನಾಯಿತು ಎಂಬುದು ವಾಕ್ಯ ಮುಗಿಯುವವರೆಗೆ ಗೊತ್ತಾಗುವುದಿಲ್ಲ. "ಸ್ಥಾಪಿಸಿದ್ದು", "ವಿಸ್ತರಣೆಗೊಂಡಿದ್ದು" ಎಂದು ಒಂದಕ್ಕೊಂದು ಗಂಟು ಹಾಕುತ್ತಾ ಹೋದರೆ ಓದುವವರು ಉಸಿರು ಬಿಗಿಹಿಡಿದು ಕಾಯಬೇಕು, ಕೊನೆಗೆ ಸಿಗುವುದು "ಚಾಲನೆ ನೀಡಲಾಯಿತು" ಅಷ್ಟೇ. ತಿದ್ದುವ ಕ್ರಮ ಸುಲಭ. "ದ್ದು" ಎಂದು ಮುಗಿದು ಅಲ್ಪವಿರಾಮ ಬಿದ್ದಿರುವ ಕಡೆಯಲ್ಲೆಲ್ಲ ವಾಕ್ಯ ಮುರಿದು ಪೂರ್ಣವಿರಾಮ ಹಾಕಿ. ಮುರಿದ ಮೇಲೆ ಯಾವ ತುಂಡಿನಲ್ಲಿ ಏನೂ ಇಲ್ಲವೋ ಅದು ತಾನಾಗಿ ಎದ್ದು ಕಾಣುತ್ತದೆ. "ಆಸ್ಪತ್ರೆಯು ಮತ್ತೊಂದು ಮೈಲಿಗಲ್ಲನ್ನು ಸ್ಥಾಪಿಸಿದೆ." ಒಂಟಿಯಾಗಿ ನಿಂತಾಗ ಇದರಿಂದ ಏನಾದರೂ ತಿಳಿಯಿತೇ? ತೆಗೆದುಹಾಕಿ. ಮೊದಲ ವಾಕ್ಯ 10-12 ಪದ ದಾಟದ ಹಾಗೆ ನೋಡಿಕೊಂಡರೆ ಕ್ರಿಯಾಪದ ಬೇಗ ಸಿಗುತ್ತದೆ.

ಆ 20 ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಮೂಲದಲ್ಲಿ ಇದ್ದದ್ದು "ವಾರಕ್ಕೆ 60 ಹೆಚ್ಚುವರಿ ರೋಗಿಗಳು". ಯಂತ್ರಗಳು 10, ವಾರಕ್ಕೆ ಆರು ರಾತ್ರಿ. ಹತ್ತಾರಲೆ ಅರವತ್ತು ನಿಜ, ಆದರೆ ಅದು ಡಯಾಲಿಸಿಸ್ ನಡೆಯುವ ಸರದಿಗಳ ಲೆಕ್ಕ. ಒಬ್ಬೊಬ್ಬರಿಗೆ ವಾರಕ್ಕೆ ಮೂರು ಸರದಿ ಬೇಕು. ಸೋಮ-ಬುಧ-ಶುಕ್ರ ಒಂದು ತಂಡ, ಮಂಗಳ-ಗುರು-ಶನಿ ಇನ್ನೊಂದು. ಅಂದರೆ ಯಂತ್ರಕ್ಕೆ ಇಬ್ಬರಂತೆ ಒಟ್ಟು 20 ಜನ. ಸುದ್ದಿಯನ್ನು ಮೇಲೆ ತಂದರೆ ಸಂಖ್ಯೆಯೂ ಜೊತೆಗೆ ಮೇಲೆ ಬರುತ್ತದೆ. ತಪ್ಪು ಸಂಖ್ಯೆ ಮೊದಲ ಸಾಲಿನಲ್ಲಿ ಅಚ್ಚಾದರೆ ಮರುದಿನ ತಿದ್ದುಪಡಿ ಹಾಕಿಸಲು ಓಡಾಡಬೇಕಾಗುತ್ತದೆ. ಆದ್ದರಿಂದ ಮೊದಲ ಪ್ಯಾರಾಕ್ಕೆ ಬರುವ ಪ್ರತಿ ಅಂಕಿಯನ್ನೂ ವಿಭಾಗದವರಿಗೆ ಫೋನ್ ಮಾಡಿ ಕೇಳಿ: ಇದು ಜನರ ಲೆಕ್ಕವೋ, ಸರದಿಯ ಲೆಕ್ಕವೋ?

ಎರಡನೇ ಪ್ಯಾರಾದಲ್ಲಿ ರೋಗಿಯ ಮನೆಯವರು ಕೇಳುವ ಪ್ರಶ್ನೆಗಳಿಗೆ ಉತ್ತರ ಇರಲಿ. ಹೆಸರು ಎಲ್ಲಿ ನೋಂದಾಯಿಸಬೇಕು, ಶುಲ್ಕ ಹಗಲಿನಷ್ಟೇ ಇದೆಯೇ, ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ. ಇಷ್ಟು ಸಾಕು.

ಈಗ ಹೇಳಿಕೆಗಳ ವಿಷಯ. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ. ಅಧ್ಯಕ್ಷರ ಬಾಯಲ್ಲಿ ಹಾಕಿದ ಮಾತು ನೋಡಿ: "ರೋಗಿಗಳ ಯೋಗಕ್ಷೇಮಕ್ಕೆ ನಾವು ಸದಾ ಬದ್ಧರಾಗಿದ್ದು, ಈ ವಿಸ್ತೃತ ಸೇವೆಯನ್ನು ಸಮಾಜಕ್ಕೆ ಸಮರ್ಪಿಸಲು ಅತೀವ ಹರ್ಷವಾಗುತ್ತಿದೆ. ಸಮರ್ಪಿತ ಸಿಬ್ಬಂದಿಯೊಂದಿಗೆ ವಿಶ್ವದರ್ಜೆಯ ಸೇವೆ ನೀಡಲಿದ್ದೇವೆ." ರೋಗಿಗಳು ಎನ್ನುವ ಕಡೆ ಗ್ರಾಹಕರು ಎಂದು ಹಾಕಿ, ಬ್ಯಾಂಕಿನ ಪ್ರಕಟಣೆ ಆಗುತ್ತದೆ. ವಿದ್ಯಾರ್ಥಿಗಳು ಎಂದು ಹಾಕಿ, ಕಾಲೇಜಿನದ್ದು. ಎಲ್ಲಿ ಬೇಕಾದರೂ ಕೂರುವ ಮಾತಾದರೆ ಅದು ಯಾರದ್ದೂ ಅಲ್ಲ ಎಂದೇ ಅರ್ಥ. ಇಂಥದ್ದನ್ನು ತಿದ್ದಲು ಹೋಗಬೇಡಿ. ವಿಶೇಷಣ ಕಿತ್ತರೂ ಒಳಗೆ ತಿರುಳು ಸಿಗುವುದಿಲ್ಲ. ಹೊಸದನ್ನೇ ಕೇಳಿ ತರಬೇಕು.

ಯಾರಿಂದ? ಆ ಪಾಳಿಯನ್ನು ದಿನಾ ನಡೆಸುವವರಿಂದ. ವಿಭಾಗದ ವೈದ್ಯರಿಗೋ ಹಿರಿಯ ನರ್ಸ್‌ಗೋ ಹತ್ತು ನಿಮಿಷ ಫೋನ್ ಮಾಡಿ. "ಒಂದು ಹೇಳಿಕೆ ಕೊಡಿ" ಎಂದು ಕೇಳಬಾರದು. ಹಾಗೆ ಕೇಳಿದರೆ ಅವರೂ "ಹರ್ಷವಾಗುತ್ತಿದೆ" ಎಂದೇ ಶುರುಮಾಡುತ್ತಾರೆ. ಬದಲಿಗೆ, ಈ ಪಾಳಿ ಬೇಕು ಅಂತ ನಿಮಗೆ ಯಾಕೆ ಅನ್ನಿಸಿತು, ಶುರುಮಾಡಲು ಯಾವುದು ಕಷ್ಟವಾಯಿತು, ಇನ್ನೂ ಏನು ಬಗೆಹರಿದಿಲ್ಲ ಎಂದು ಕೇಳಿ. ಮೂರನೆಯದನ್ನು ಕೇಳಲು ಎಲ್ಲರೂ ಹಿಂಜರಿಯುತ್ತಾರೆ, ಆದರೆ ನಿಜವಾದ ಮಾತು ಹೊರಬೀಳುವುದು ಅಲ್ಲೇ. ಬರುವ ಉತ್ತರ ಈ ಬಗೆಯದಾಗಿರುತ್ತದೆ:

"ಹಗಲಿನ ಪಾಳಿಗೆ ಸೇರಿದವರು ರಜೆ ಸಿಗಲಿಲ್ಲ ಅಂತ ಮಧ್ಯೆ ಮಧ್ಯೆ ತಪ್ಪಿಸುತ್ತಿದ್ದರು" ಎಂದು ವಿಭಾಗದ ವೈದ್ಯೆ ಹೇಳಿದರು. "ತಪ್ಪಿಸಿದರೆ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ, ಉಸಿರಾಡಲು ಕಷ್ಟವಾಗಿ ತುರ್ತು ಚಿಕಿತ್ಸೆಗೆ ಬರುತ್ತಾರೆ. ರಾತ್ರಿ ಪಾಳಿಗೆ ನರ್ಸ್‌ಗಳನ್ನು ಹೊಂದಿಸಿದ್ದೇವೆ, ಆದರೆ ನಡುರಾತ್ರಿ ರೋಗಿಗಳು ಮನೆ ಸೇರುವುದು ಹೇಗೆ ಅನ್ನೋದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇವೆ."

ಇದರಲ್ಲಿ ಯಂತ್ರ ಎಷ್ಟು, ಪಾಳಿ ಎಷ್ಟು ಹೊತ್ತಿಗೆ ಎಂಬುದಿಲ್ಲ. ಅದು ನಿರೂಪಣೆಯ ಕೆಲಸ. ಆ ವೈದ್ಯೆ ಮಾತ್ರ ಹೇಳಬಲ್ಲ ಕಾರಣ, ಆತಂಕ, ಬಾಕಿ ಇರುವ ಚಿಂತೆ ಇವೆ. ಹೇಳಿದವರು ಯಾರು ಎಂಬುದು ಮೊದಲ ವಾಕ್ಯದ ಬೆನ್ನಿಗೇ ಬಂದಿದೆ. ಐದು ಸಾಲು ಓದಿಸಿ ಕೊನೆಗೆ "ಎಂದು ಅಭಿಪ್ರಾಯಪಟ್ಟರು" ಅಂದರೆ ಅಷ್ಟೂ ಹೊತ್ತು ಯಾರ ಮಾತು ಎಂದೇ ತಿಳಿಯುವುದಿಲ್ಲ. "ಹೇಳಿದರು" ಒಂದೇ ಸಾಕು, "ಹರ್ಷ ವ್ಯಕ್ತಪಡಿಸಿದರು", "ಪ್ರತಿಪಾದಿಸಿದರು" ಬೇಡ. ಒಂದು ಪ್ರಕಟಣೆಗೆ ಎರಡು ಹೇಳಿಕೆ, ಒಂದೊಂದು ಎರಡು-ಮೂರು ವಾಕ್ಯ, ಅದಕ್ಕಿಂತ ಹೆಚ್ಚು ಬೇಡವೇ ಬೇಡ. ಗಟ್ಟಿಯಾಗಿ ಓದಿ ನೋಡಿ. ಎದುರಿಗೆ ಕೂತವರಿಗೆ ಯಾರೂ ಹಾಗೆ ಮಾತಾಡುವುದಿಲ್ಲ ಅನ್ನಿಸಿದ ಪದ ಹೋಗಲಿ. ಆದರೆ ಉದ್ಧರಣ ಚಿಹ್ನೆಯ ಒಳಗೆ ಒಂದಕ್ಷರ ಬದಲಿಸಿದರೂ ಅದನ್ನು ಹೇಳಿದವರಿಗೆ ಕಳಿಸಿ ಒಪ್ಪಿಗೆ ತೆಗೆದುಕೊಳ್ಳಲೇಬೇಕು. ಆಡದ ಮಾತನ್ನು ಅವರ ತಲೆಗೆ ಕಟ್ಟುವುದು ತಿದ್ದುವ ಕೆಲಸವಲ್ಲ, ಸುಳ್ಳು.

"ಇದೆಲ್ಲ ಸರಿ ಮಾರಾಯ್ರೆ, ಅಧ್ಯಕ್ಷರ ಹೆಸರು ಮೊದಲ ಸಾಲಲ್ಲಿ ಇಲ್ಲದಿದ್ದರೆ ಸಹಿ ಬೀಳಲ್ಲ" ಎನ್ನುವವರಿದ್ದಾರೆ. ಅವರ ಕಷ್ಟ ಗೊತ್ತು, ಆದರೂ ಒಪ್ಪಲಾರೆ. ಸಹಿ ಬಿದ್ದು ಅಚ್ಚಾಗದ ಪ್ರಕಟಣೆಯಲ್ಲಿ ಅಧ್ಯಕ್ಷರ ಹೆಸರು ಯಾರಿಗೆ ಕಾಣುತ್ತದೆ? ಅವರಿಗೂ ಎರಡನೇ ಹೇಳಿಕೆಯಲ್ಲಿ ಜಾಗವಿದೆ, ದುಡ್ಡು ಕೊಡುವ ನಿರ್ಧಾರ ಯಾಕೆ ಮಾಡಿದೆವು ಎಂದು ಅವರೇ ಹೇಳಲಿ, ಅದು ಅವರು ಮಾತ್ರ ಹೇಳಬಲ್ಲ ಮಾತು. ವಾದಕ್ಕಿಂತ ತೋರಿಸುವುದು ಮೇಲು. ಎರಡೂ ಆವೃತ್ತಿಗಳನ್ನು ಅವರಿಗೇ ಮೇಲ್ ಮಾಡಿ, ಫೋನಿನಲ್ಲಿ ತೆರೆಯುವ ಮೊದಲು ಪಟ್ಟಿಯಲ್ಲಿ ಹೇಗೆ ಕಾಣುತ್ತದೆ ನೋಡಲು ಹೇಳಿ. ಒಂದರಲ್ಲಿ "ಪತ್ರಿಕಾ ಪ್ರಕಟಣೆ – ಪ್ರಕಟಣೆಯ ಕೃಪೆಗಾಗಿ", ಅದರ ಕೆಳಗೆ "ಗುಣಮಟ್ಟದ ಆರೋಗ್ಯ ಸೇವೆಯಲ್ಲಿ ಮುಂಚೂಣಿ…". ಇನ್ನೊಂದರಲ್ಲಿ "ಸೋಮವಾರದಿಂದ ರಾತ್ರಿ ಡಯಾಲಿಸಿಸ್, 20 ರೋಗಿಗಳಿಗೆ ಜಾಗ". ವರದಿಗಾರರಿಗೆ ಕಾಣುವುದೂ ಅಷ್ಟೇ.

ಸಹಿಯಾಗಿ ಬಂದ ಪ್ರತಿಯನ್ನು ನೀವು ಕಳಿಸಿದ್ದರ ಜೊತೆ ಸಾಲು ಸಾಲಾಗಿ ಹೋಲಿಸಿ. "ದೂರದೃಷ್ಟಿ", "ವಿಶ್ವದರ್ಜೆ" ವಾಪಸ್ ಬಂದು ಕೂರುವುದು ಈ ಹಂತದಲ್ಲೇ, ಅದೂ ಮೊದಲ ಸಾಲಿನಲ್ಲೇ. "ಇಂದು", "ನಾಳೆ" ಇದ್ದರೆ ತಾರೀಖು ಹಾಕಿ, ಓದುವ ದಿನ ಬೇರೆಯೇ ಇರುತ್ತದೆ. ಪ್ರಕಟಣೆಯನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿ ಲಗತ್ತಿಸದೆ ಮೇಲ್‌ನ ಒಳಗೇ ಅಕ್ಷರರೂಪದಲ್ಲಿ ಹಾಕಿ, ಡೆಸ್ಕ್‌ನವರು ಮತ್ತೆ ಟೈಪ್ ಮಾಡುತ್ತಾ ಕೂರುವುದಿಲ್ಲ. ಕೊನೆಗೆ ಕೊಡುವ ಫೋನ್ ನಂಬರ್ ಆ ಸಂಜೆ ಎತ್ತುವವರದ್ದೇ ಆಗಿರಲಿ, ಮತ್ತು 20ರ ಲೆಕ್ಕ ಹೇಗೆ ಬಂತು ಎಂಬುದು ಅವರಿಗೆ ಗೊತ್ತಿರಲಿ.