ಸತ್ಯಾಂಶ: ಐದರಲ್ಲಿ ನಾಲ್ಕು ಉಳಿದರೆ ಸಾಕೇ?

“ಎರಡು ಕಂಪನಿ ಒಂದಾದರೂ ಇನ್ನೂ ನಾಲ್ಕು ಉಳೀತಾವಲ್ಲ, ಪೈಪೋಟಿಗೆ ಏನೂ ಧಕ್ಕೆಯಿಲ್ಲ.” ಇಂಥ ಸಂದೇಶ ಆಗಾಗ ಬರುತ್ತದೆ.

ಕೇಳಲು ಸರಿ ಅನ್ನಿಸುವ ಮಾತೇ. ಆದರೆ ತಲೆ ಎಣಿಸಿದರೆ ಗಾತ್ರ ಕಾಣುವುದಿಲ್ಲ. ಅದಕ್ಕೇ ಹರ್ಫಿಂಡಾಲ್ ಸೂಚ್ಯಂಕವಿದೆ: ಪ್ರತಿಯೊಬ್ಬರ ಶೇಕಡಾ ಪಾಲನ್ನು ಅದರಿಂದಲೇ ಗುಣಿಸಿ, ಬಂದದ್ದನ್ನೆಲ್ಲ ಕೂಡಿಸುವುದು. ಒಬ್ಬನೇ ಇದ್ದರೆ 10,000.

ಶಿರಸಿಯಲ್ಲಿ ಐವರು ಅಡಿಕೆ ಖರೀದಿದಾರರು ಇದ್ದಾರೆ, ಪಾಲು 50, 20, 15, 10, 5 ಎಂದು ಊಹಿಸಿ.

2500 + 400 + 225 + 100 + 25 = 3250

ಐವರದೂ ಸಮಪಾಲಾಗಿದ್ದರೆ ಬರುತ್ತಿದ್ದದ್ದು 2000 ಮಾತ್ರ. ಈಗ 10 ಮತ್ತು 5ರವರು ಸೇರಿದರೆ ಸೂಚ್ಯಂಕ 100 ಏರುತ್ತದೆ. ಅದೇ 5ರವನನ್ನು 50ರವನು ಕೊಂಡರೆ ಏರಿಕೆ 500. ಎರಡರಲ್ಲೂ ಉಳಿಯುವವರು ನಾಲ್ವರೇ! ಏರಿಕೆಗೆ ಸುಲಭ ಲೆಕ್ಕವಿದೆ: ಸೇರುವ ಇಬ್ಬರ ಪಾಲನ್ನು ಗುಣಿಸಿ, ಎರಡರಷ್ಟು ಮಾಡಿ. ಅಮೆರಿಕದ 2023ರ ವಿಲೀನ ಮಾರ್ಗಸೂಚಿಯಲ್ಲಿ, ವಿಲೀನದ ನಂತರ ಸೂಚ್ಯಂಕ 1800 ದಾಟಿ ಏರಿಕೆಯೂ 100 ಮೀರಿದರೆ, ಪೈಪೋಟಿಗೆ ಹಾನಿಯೆಂದು ಮೊದಲಿಗೆ ಭಾವಿಸಲಾಗುತ್ತದೆ. ಅಲ್ಲವೆಂದು ತೋರಿಸಲು ಕಂಪನಿಗಳಿಗೆ ಅವಕಾಶವಿದೆ. ಭಾರತದ 2002ರ ಸ್ಪರ್ಧಾ ಕಾಯ್ದೆ ಹೀಗೆ ಅಂಕಿಯ ಗೆರೆ ಎಳೆದಿಲ್ಲ. ಮಾರುಕಟ್ಟೆ ಎಷ್ಟು ಕೇಂದ್ರೀಕೃತವಾಗಿದೆ ಎಂಬುದು ಅಲ್ಲಿ ಪರಿಶೀಲಿಸುವ ಹಲವು ಅಂಶಗಳಲ್ಲಿ ಒಂದು.

ಸಂದೇಶ ಬಂದಾಗ ಪಾಲುಗಳನ್ನು ಕೂಡಿಸಿ ನೋಡಿ, 100 ಆಗಬೇಕು. ಆಮೇಲೆ, ಅದು ಯಾವ ಮಾರುಕಟ್ಟೆಯ ಪಾಲು ಎಂದು ಕೇಳಿ. ನಿಜವಾದ ತಕರಾರು ಹುಟ್ಟುವುದು ಇಲ್ಲೇ. ಬೆಳೆಗಾರರು ಸಿದ್ದಾಪುರ, ಯಲ್ಲಾಪುರಕ್ಕೂ ಸಲೀಸಾಗಿ ಅಡಿಕೆ ಒಯ್ಯುವಂತಿದ್ದರೆ ಅಲ್ಲಿನ ಖರೀದಿದಾರರನ್ನೂ ಎಣಿಸಬೇಕು, ಆಗ 3250 ಇಳಿದೀತು. ಸಾಗಾಟದ ಖರ್ಚು ಲಾಭವನ್ನೇ ತಿನ್ನುವಂತಿದ್ದರೆ ಶಿರಸಿಯ ಲೆಕ್ಕವೇ ಸರಿ.